ಮಗಳ ಸರ್ಟಿಫಿಕೇಟಿನ ಅವಧಿ

ಆ ನೋಟಿಸು ಬಂದದ್ದು ಜೂನ್ ತಿಂಗಳ ಮೊದಲ ವಾರದಲ್ಲಿ. ಶಾಲೆ ಶುರುವಾಗಿ ಹತ್ತು ದಿನವೂ ಆಗಿರಲಿಲ್ಲ. ಮಾಯಸಂದ್ರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ಅಂದು ಮಧ್ಯಾಹ್ನ ಮಕ್ಕಳ ಊಟ ಮುಗಿಸಿ ಸ್ಟಾಫ್ ರೂಮಿಗೆ ಬಂದು ಮೊಬೈಲು ನೋಡಿದರೆ ಆದಾಯ ತೆರಿಗೆ ಇಲಾಖೆಯಿಂದ ಮೆಸೇಜು. ಇತ್ತೀಚೆಗೆ ಬ್ಯಾಂಕು, ಕೊರಿಯರು ಅಂತ ಸುಳ್ಳು ಮೆಸೇಜುಗಳು ಬರುತ್ತಲೇ ಇರುತ್ತವೆ. ಇದೂ ಅಂಥದ್ದೇ ಎಂದುಕೊಂಡೆ. ಆದರೂ ಸಮಾಧಾನವಾಗದೆ, ಲಿಂಕು ಒತ್ತದೆ, ಇಲಾಖೆಯ ಪೋರ್ಟಲಿಗೇ ನೇರವಾಗಿ ಲಾಗಿನ್ ಆದೆ. ಅಲ್ಲಿತ್ತು, ನನ್ನ ಹೆಸರಿಗೇ.

ಇಂಗ್ಲಿಷಿನ ಎರಡು ಪುಟ. ಎರಡು ಸಲ ಓದಿದ ಮೇಲೆ ಅರ್ಥವಾದದ್ದು ಇಷ್ಟು: ಹಿಂದಿನ ವರ್ಷ ಜುಲೈನಲ್ಲಿ ಸಲ್ಲಿಸಿದ್ದ ರಿಟರ್ನಿನಲ್ಲಿ, ಅಂಗವೈಕಲ್ಯವಿರುವ ಅವಲಂಬಿತರ ಸಲುವಾಗಿ ತೆರಿಗೆ ಹಾಕುವ ಆದಾಯದಲ್ಲಿ ನಾನು ಒಂದು ಕಡಿತ ಕೇಳಿದ್ದೆ. ಅದಕ್ಕೆ ಆಧಾರವಾಗಿ ವೈದ್ಯಕೀಯ ಪ್ರಾಧಿಕಾರ ಕೊಟ್ಟ, ಆ ವರ್ಷಕ್ಕೆ ಊರ್ಜಿತವಿರುವ ಪ್ರಮಾಣಪತ್ರವನ್ನು ಹದಿನೈದು ದಿನದೊಳಗೆ ಸಲ್ಲಿಸಬೇಕು. ಸಲ್ಲಿಸದಿದ್ದರೆ ಕಡಿತ ತಿರಸ್ಕರಿಸಿ ತೆರಿಗೆ ಲೆಕ್ಕ ಹಾಕಲಾಗುವುದು.

ಅವಲಂಬಿತರು ಎಂದರೆ ನನ್ನ ಮಗಳು. ಅವಳಿಗೆ ಇಪ್ಪತ್ತು ವರ್ಷ. ಬುದ್ಧಿಯ ಬೆಳವಣಿಗೆ ನಿಧಾನ. ಐದನೇ ತರಗತಿಯವರೆಗೆ ನನ್ನ ಕೈಹಿಡಿದು ಊರಿನ ಪ್ರೈಮರಿ ಶಾಲೆಗೆ ಹೋದಳು, ಆಮೇಲೆ ಮನೆಯಲ್ಲೇ ಕಲಿತಳು. ಮಾತು ಸ್ಪಷ್ಟವಾಗಲೆಂದು ತಿಂಗಳಿಗೆ ಎರಡು ಸಲ ತುಮಕೂರಿಗೆ ತರಬೇತಿಗೆ ಕರೆದುಕೊಂಡು ಹೋಗುತ್ತೇವೆ. ಅವಳು ನಗುವಾಗ ಕಣ್ಣು ಪೂರ್ತಿ ಮುಚ್ಚಿಹೋಗುತ್ತದೆ. ಸಿಟ್ಟು ಬಂದರೆ ದನದ ಕೊಟ್ಟಿಗೆಗೆ ಹೋಗಿ ಕೂರುತ್ತಾಳೆ, ಹಸುವಿನ ಹತ್ತಿರ ನಮ್ಮ ಮೇಲೆ ದೂರು ಹೇಳುತ್ತಾಳೆ.

ಸಂಜೆ ಮನೆಗೆ ಬಂದವಳೇ ಬೀರು ತೆಗೆದು, ಪ್ಲಾಸ್ಟಿಕ್ ಕವರಿನಲ್ಲಿದ್ದ ಸರ್ಟಿಫಿಕೇಟನ್ನು ಹೊರಗೆ ತೆಗೆದೆ. ಜಿಲ್ಲಾ ಆಸ್ಪತ್ರೆಯ ಮಂಡಳಿ ಕೊಟ್ಟಿದ್ದು. ಎರಡು ಜಡೆ ಹಾಕಿಕೊಂಡ ಹದಿನಾಲ್ಕು ವರ್ಷದ ಮಗಳ ಫೋಟೋ, ಅದರ ಮೇಲೆ ಅರ್ಧ ಮೊಹರು. ಶೇಕಡಾ ಎಪ್ಪತ್ತೈದು ಎಂದು ಬರೆದಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ, ಐದು ವರ್ಷಗಳ ನಂತರ ಮರುಪರೀಕ್ಷೆ ಆಗಬೇಕು ಎಂದಿತ್ತು. ಆ ಐದು ವರ್ಷ ಮುಗಿದು ಆಗಲೇ ಒಂದೂವರೆ ವರ್ಷವಾಗಿತ್ತು.

ನನಗೆ ಅದು ಗೊತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಪ್ರತಿ ವರ್ಷ ಫೆಬ್ರವರಿಯಲ್ಲಿ ಶಾಲೆಯ ಗುಮಾಸ್ತರಿಗೆ ಇದರ ಜೆರಾಕ್ಸ್ ಕೊಡುವಾಗ ಆ ಸಾಲಿನ ಮೇಲೆ ಕಣ್ಣು ಹೋಗುತ್ತಿತ್ತು. ಹೋದಷ್ಟೇ ಬೇಗ ವಾಪಸು ಬರುತ್ತಿತ್ತು. ಇನ್ನೊಂದು ಸಲ ಆ ಆಸ್ಪತ್ರೆಯ ಕೋಣೆಗೆ ಮಗಳನ್ನು ಕರೆದುಕೊಂಡು ಹೋಗುವುದಿಲ್ಲ ಎಂದು ನನ್ನೊಳಗೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಮೊದಲ ಸಲ ಹೋದಾಗ ಅಲ್ಲಿ ಯಾರೂ ಕೆಟ್ಟದಾಗಿ ನಡೆದುಕೊಂಡಿರಲಿಲ್ಲ. ಜನ ಬಹಳ ಇದ್ದರು, ಪರೀಕ್ಷೆ ಮಾಡುವವರಿಗೆ ಅವಸರವಿತ್ತು. ಒಂದು ಪಟ್ಟಿ ಇಟ್ಟುಕೊಂಡು ಕೇಳಿದರು. ಗಡಿಯಾರ ನೋಡಕ್ಕೆ ಬರುತ್ತಾ? ಬರಲ್ಲ. ಗುಂಡಿ ಹಾಕ್ಕೊಳ್ತಾಳಾ? ಇಲ್ಲ. ದುಡ್ಡು ಗುರುತಿಸ್ತಾಳಾ? ಇಲ್ಲ. ಒಬ್ಬಳೇ ಅಂಗಡಿಗೆ ಹೋಗ್ತಾಳಾ? ಇಲ್ಲ. ಮಗಳು ನನ್ನ ಪಕ್ಕದಲ್ಲೇ ಕೂತಿದ್ದಳು. ನಾನು ಪ್ರತಿಯೊಂದಕ್ಕೂ ಇಲ್ಲ, ಇಲ್ಲ ಎನ್ನುತ್ತಾ ಹೋದೆ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವಳು ಗುಬ್ಬಿ ದಾಟುವವರೆಗೂ ತನ್ನ ಅಂಗಿಯ ಗುಂಡಿಯನ್ನು ತಿರುಗಿಸುತ್ತಲೇ ಇದ್ದಳು. ಆಮೇಲೆ ನನ್ನ ಸೆರಗು ಜಗ್ಗಿ ಕೇಳಿದಳು:

"ಅಮ್ಮಾ, ನಂಗೆ ಏನೂ ಬರಲ್ವಾ?"

ಅದಕ್ಕೆ ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಪ್ರಶ್ನೆ ಮಾತ್ರ ನೆನಪಿದೆ.

ನೋಟಿಸು ಬಂದ ದಿನ ಸಂಜೆ ಯಜಮಾನರು ತೋಟದಿಂದ ಬಂದು ಕೈಕಾಲು ತೊಳೆದುಕೊಂಡು ಕೂತ ಮೇಲೆ ನೋಟಿಸಿನ ವಿಷಯ ಹೇಳಿದೆ. ಅವರು ಓದಿದ್ದು ಪಿಯುಸಿವರೆಗೆ. ತೆಂಗಿನ ತೋಟ, ಎರಡು ಹಸು, ಒಂದಿಷ್ಟು ರಾಗಿ ಹೊಲ, ಇವಿಷ್ಟರಲ್ಲಿ ನೆಮ್ಮದಿಯಾಗಿರುವ ಮನುಷ್ಯ. ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಅವಧಿ ಮುಗ್ದೈತಲ್ಲೇ ಇದು!"

"ಹೂಂ."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಬೈಯುತ್ತಾರೆ ಎಂದುಕೊಂಡೆ. ಅವರು ಕಾಗದವನ್ನು ಜೋಪಾನವಾಗಿ ಕವರಿಗೆ ಸೇರಿಸಿ, "ಆಯ್ತು ಬುಡು. ಶನಿವಾರ ತಿಪಟೂರಿಗೆ ಹೋಗಾನ. ಆ ಟ್ಯಾಕ್ಸ್ ಯಜಮಾನ್ರು ಅವ್ರಲ್ಲ, ಅವ್ರನ್ನ ಕೇಳಾನ" ಎಂದರು.

ಅವರು ಹೇಳಿದ್ದು ತಿಪಟೂರಿನ ಒಬ್ಬ ತೆರಿಗೆ ಸಲಹೆಗಾರರ ಬಗ್ಗೆ. ಎಪ್ಪತ್ತು ದಾಟಿದ ಹಿರಿಯರು. ನಮ್ಮ ಕಡೆಯ ಎಷ್ಟೋ ಮೇಷ್ಟ್ರುಗಳ ರಿಟರ್ನು ಅವರೇ ಹಾಕುವುದು. ನಾನು ಮಾತ್ರ ಗಣಿತದ ಮೇಡಮ್ ಎನ್ನುವ ಜಂಬದಲ್ಲಿ ನನ್ನದನ್ನು ನಾನೇ ಮೊಬೈಲಿನಲ್ಲಿ ತುಂಬಿಕೊಳ್ಳುತ್ತಿದ್ದೆ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಹೋದೆವು. ಒಂದು ಕೊಬ್ಬರಿ ಮಂಡಿಯ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಮೆಟ್ಟಿಲು ಹತ್ತುವಾಗಲೇ ಕೆಳಗಿನ ಕೊಬ್ಬರಿ ಚೀಲಗಳ ಸಿಹಿ ಜಿಡ್ಡಿನ ವಾಸನೆ. ಅವರು ನೋಟಿಸನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಕೊಂಡು, ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು. ನಾನು ತಡೆಯಲಾಗದೆ ಹೇಳಿಬಿಟ್ಟೆ.

"ಸಾರ್, ಸರ್ಟಿಫಿಕೇಟಿನ ಅವಧಿ ಮುಗಿದುಹೋಗಿತ್ತು. ಗೊತ್ತಿದ್ದೂ ಕ್ಲೈಮ್ ಮಾಡಿದೀನಿ. ನಂದು ತಪ್ಪಾಗಿದೆ."

"ಸ್ವಲ್ಪ ತಡೀರಮ್ಮ. ತಪ್ಪೊಪ್ಪಿಗೆ ಆಮೇಲೆ. ಯಾವ ತಿಂಗಳಲ್ಲಿ ಮುಗೀತು?"

"ನವೆಂಬರಲ್ಲಿ."

"ಯಾವ ವರ್ಷದ ನವೆಂಬರು?"

ಹೇಳಿದೆ. ಅವರು ನೋಟಿಸಿನ ಮೇಲ್ಭಾಗದಲ್ಲಿದ್ದ ವರ್ಷವನ್ನು ನೋಡಿದರು, ಸರ್ಟಿಫಿಕೇಟಿನ ದಿನಾಂಕ ನೋಡಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕರು.

"ಗಣಿತದ ಮೇಡಮ್ಮು, ನೀವೇ ಹೇಳಿ. ಹಣಕಾಸು ವರ್ಷ ಏಪ್ರಿಲಿಂದ ಮಾರ್ಚಿಗೆ. ಅವರು ಕೇಳ್ತಿರೋ ವರ್ಷದ ಒಳಗೇ ನಿಮ್ಮ ನವೆಂಬರು ಬರುತ್ತೆ, ಅಲ್ವಾ?"

"ಬರುತ್ತೆ. ಆದ್ರೆ ಮಾರ್ಚಿಗೆ ಅದು ಮುಗಿದಿತ್ತಲ್ಲ ಸಾರ್."

"ಕಾನೂನು ಹೇಳೋದೇ ಬೇರೆ ಕಣಮ್ಮ. ಸರ್ಟಿಫಿಕೇಟು ಯಾವ ವರ್ಷದ ಮಧ್ಯೆ ಮುಗಿಯುತ್ತೋ, ಆ ವರ್ಷ ಪೂರ್ತಿ ಅದು ನಡೆಯುತ್ತೆ. ಆ ವರ್ಷ ಮುಗಿದ ಮೇಲೆ ಶುರುವಾಗೋ ವರ್ಷಗಳಿಗೆ ಮಾತ್ರ ಹೊಸದು ಬೇಕು. ಈ ನೋಟಿಸಿಗೆ ನಿಮ್ಮ ಹಳೇ ಕಾಗದವೇ ಉತ್ತರ."

ಪಕ್ಕದಲ್ಲಿ ಕೂತಿದ್ದ ಯಜಮಾನರು ಜೋರಾಗಿ ಉಸಿರು ಬಿಟ್ಟರು. ನನಗೆ ಮಾತ್ರ ಸಮಾಧಾನಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ನಾನು ಸರಿಯಾಗಿದ್ದದ್ದು ತಿಳಿದು ಮಾಡಿದ್ದರಿಂದಲ್ಲ, ಅದೃಷ್ಟದಿಂದ.

ಇಂಟರ್‌ನೆಟ್ಟಿನಲ್ಲಿ ನೋಡಿಕೊಂಡು ಬಂದಿದ್ದ ಇನ್ನೊಂದು ಅನುಮಾನವನ್ನೂ ಕೇಳಿದೆ. ಇದಕ್ಕೆಂದೇ ತೆರಿಗೆ ಇಲಾಖೆಯ ಒಂದು ಪ್ರತ್ಯೇಕ ಫಾರಂ ಇದೆಯಂತೆ, ಅದನ್ನು ನಾನು ತುಂಬಿಯೇ ಇರಲಿಲ್ಲ.

"ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಇಲ್ಲಾ ಒಂದಕ್ಕಿಂತ ಹೆಚ್ಚು ವೈಕಲ್ಯ ಇದ್ದೋರಿಗೆ. ನಿಮ್ಮ ಮಗಳ ವಿಷಯಕ್ಕೆ ಮಂಡಳಿ ಸರ್ಟಿಫಿಕೇಟೇ ಸಾಕು" ಎಂದರು. ಯಜಮಾನರ ಕಡೆ ತಿರುಗಿ, "ನೀವೇನಾದ್ರೂ ರಿಟರ್ನ್ ಹಾಕಿ ಇದನ್ನೇ ಕೇಳಿದೀರಾ?" ಎಂದು ವಿಚಾರಿಸಿದರು. "ನಂದು ಬರೀ ತೋಟ ಸ್ವಾಮಿ, ನಾನು ಯಾವ ರಿಟರ್ನೂ ಹಾಕಲ್ಲ" ಎಂದರು ಇವರು. ಮಗಳಿಗೆ ಸ್ವಂತ ಆದಾಯ ಇಲ್ಲ, ಅವಳನ್ನು ನೋಡಿಕೊಳ್ಳುವುದು ನನ್ನ ಸಂಬಳದಲ್ಲಿ ಎಂದೂ ಕೇಳಿ ಬರೆದುಕೊಂಡರು. ತರಬೇತಿಗೆ ಕಟ್ಟಿದ ರಸೀದಿಗಳಿದ್ದರೆ ಅವನ್ನೂ ಕೊಡಿ ಎಂದರು, ತಂದಿದ್ದೆ.

ಆಮೇಲೆ ಅಲ್ಲೇ ಕೂತು ಒಂದು ಪುಟದ ಉತ್ತರ ತಯಾರಿಸಿದರು. ಅವಧಿ ಯಾವಾಗ ಮುಗಿಯಿತೆಂಬುದನ್ನು ಮುಚ್ಚಿಡಲಿಲ್ಲ. ಮುಗಿದ ದಿನಾಂಕವನ್ನೇ ಮೊದಲು ಬರೆದು, ಆದರೂ ಆ ವರ್ಷಕ್ಕೆ ಅದು ಹೇಗೆ ಅನ್ವಯವಾಗುತ್ತದೆ ಎಂಬುದನ್ನು ಕೆಳಗೆ ವಿವರಿಸಿದರು. ಸರ್ಟಿಫಿಕೇಟು, ಮಗಳ ಆಧಾರ್, ರಸೀದಿಗಳು ಎಲ್ಲ ಸ್ಕ್ಯಾನ್ ಆಗಿ ಪೋರ್ಟಲಿಗೆ ಹೋದವು. ಸ್ವೀಕೃತಿಯ ನಂಬರು ಬಂತು.

ನಾವು ಏಳುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು.

"ಕೂತ್ಕೊಳಿ. ಇದು ಮುಗೀತು. ಮುಂದಿನದು ಇದೆಯಲ್ಲ? ಈ ಮಾರ್ಚಿಗೆ ಮುಗಿದ ವರ್ಷದ ರಿಟರ್ನ್ ಈಗ ಹಾಕಬೇಕು. ಅದಕ್ಕೆ ಹಳೇ ಕಾಗದ ನಡೆಯಲ್ಲ. ರಿಟರ್ನ್ ಹಾಕೋ ಮೊದಲು ಹೊಸ ಸರ್ಟಿಫಿಕೇಟು ನಿಮ್ಮ ಕೈಲಿರಬೇಕು."

"ಈ ವರ್ಷ ಕ್ಲೈಮ್ ಮಾಡದೇ ಇದ್ರೆ?"

"ಮಾಡದೇ ಇದ್ರೆ ಯಾರೂ ಏನೂ ಕೇಳಲ್ಲ. ಸ್ವಲ್ಪ ತೆರಿಗೆ ಜಾಸ್ತಿ ಬರುತ್ತೆ, ಅಷ್ಟೇ. ನಿಮ್ಮಿಷ್ಟ."

ಆ ಮಾತನ್ನು ನಾನು ಬಿಗಿಯಾಗಿ ಹಿಡಿದುಕೊಂಡೆ. ಬಸ್ಸಿನಲ್ಲಿ ಯಜಮಾನರಿಗೆ ಹೇಳಿದೆ: ಕ್ಲೈಮೂ ಬೇಡ, ಆಸ್ಪತ್ರೆಯೂ ಬೇಡ, ಕಟ್ಟುವ ತೆರಿಗೆ ಕಟ್ಟೋಣ. ತುರುವೇಕೆರೆಯಲ್ಲಿ ಇಳಿದು ನಮ್ಮೂರ ಬಸ್ಸಿಗೆ ಕಾಯುವಾಗ ಅವರು ಹೇಳಿದರು.

"ತೆರಿಗೆ ವಿಷ್ಯ ನಂಗೊತ್ತಿಲ್ಲ ಕಣೇ. ಅದು ನಿಂದು, ನಿಂಗೆ ಬಿಟ್ಟಿದ್ದು. ಆದ್ರೆ ಆ ಕಾಗ್ದ ನಿಂದಲ್ಲ, ಮಗೀದು. ನಾಳೆ ಅವ್ಳಿಗೆ ಬಸ್ ಪಾಸು ಬೇಕು ಅಂದ್ರೂ ಅದೇ ಕೇಳ್ತಾರೆ. ನಾವಿಬ್ರೂ ಇಲ್ದೇ ಇರೋ ಕಾಲಕ್ಕೆ ಅವ್ಳನ್ನ ನೋಡ್ಕೊಳೋರು ಯಾರಾದ್ರೂ ಎಲ್ಲಿಗೇ ಹೋದ್ರೂ ಅದನ್ನೇ ಕೇಳ್ತಾರೆ. ಆಸ್ಪತ್ರೆಗೆ ಹೋಗ್ಬಂದ ಒಂದಿನ ನಿನ್ ಕಣ್ಣಲ್ಲಿ ನೀರು ಬಂತು ಅಂತ ಅವ್ಳ ಕಾಗ್ದ ತಪ್ಪಿಸ್ತೀಯಾ?"

ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವರು ಹೇಳಿದ್ದು ಸರಿಯಾಗಿತ್ತು ಎನ್ನುವುದಕ್ಕೇ. ಬಸ್ಸು ಬಂದಾಗ ಅವರಿಗಿಂತ ಮೊದಲು ಹತ್ತಿ ಬೇರೆ ಸೀಟಿನಲ್ಲಿ ಕೂತೆ. ಸೋಮವಾರ ಶಾಲೆ ಬಿಟ್ಟ ಮೇಲೆ ತುರುವೇಕೆರೆಯ ಕಂಪ್ಯೂಟರ್ ಸೆಂಟರಿಗೆ ಹೋಗಿ ಹೊಸ ಸರ್ಟಿಫಿಕೇಟಿಗೂ ಅಂಗವಿಕಲರ ಗುರುತಿನ ಕಾರ್ಡಿಗೂ ಆನ್‌ಲೈನ್ ಅರ್ಜಿ ಹಾಕಿದೆ. ಈಗ ಎಲ್ಲ ಅದರಲ್ಲೇ ಆಗಬೇಕು. ಮಗಳ ಆಧಾರ್, ಹೊಸ ಫೋಟೋ, ಹಳೆಯ ಸರ್ಟಿಫಿಕೇಟಿನ ಪ್ರತಿ, ಯಾವ ಆಸ್ಪತ್ರೆ ಎಂಬುದು. ಇಂಥ ಪರೀಕ್ಷೆ ಮಾಡುವವರು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇಲ್ಲವಾದ್ದರಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಯನ್ನೇ ಬರೆಸಿದೆ.

ಮಗಳಿಗೆ ಏನೆಂದು ಹೇಳುವುದು ಎನ್ನುವುದು ಮುಂದಿನ ಚಿಂತೆಯಾಯಿತು. ಅದನ್ನು ಅವಳ ಅಪ್ಪ ಕ್ಷಣದಲ್ಲಿ ಮುಗಿಸಿದರು. "ಪುಟ್ಟೀ, ತುಮಕೂರಲ್ಲಿ ನಿಂಗೊಂದು ಪರೀಕ್ಷೆ ಐತಂತೆ ಕಣವ್ವ" ಎಂದುಬಿಟ್ಟರು.

ಪರೀಕ್ಷೆ ಎಂದರೆ ಅವಳಿಗೆ ಗೊತ್ತು. ಮಾರ್ಚ್ ತಿಂಗಳಲ್ಲಿ ನಾನು ಕಂತೆ ಕಂತೆ ಉತ್ತರಪತ್ರಿಕೆ ತಂದು ಕೆಂಪು ಪೆನ್ನಿನಲ್ಲಿ ತಿದ್ದುವುದನ್ನು ಚಿಕ್ಕಂದಿನಿಂದ ನೋಡಿದ್ದಾಳೆ. ಒಮ್ಮೆಯೂ ತಾನು ಬರೆದಿಲ್ಲ. ಅವಳ ಮುಖ ಅರಳಿಹೋಯಿತು.

"ನಂಗಾ? ನಂಗೇ ಪರೀಕ್ಷೆನಾ?"

ಅವತ್ತಿನಿಂದ ನಮ್ಮ ಮನೆಯಲ್ಲಿ ಪರೀಕ್ಷೆಯ ತಯಾರಿ. ಬೆಳಗ್ಗೆ ಎದ್ದವಳೇ ಅಪ್ಪನ ಅಂಗಿ ತಂದು ಗುಂಡಿ ಹಾಕುತ್ತಾಳೆ, ತೆಗೆಯುತ್ತಾಳೆ, ಮತ್ತೆ ಹಾಕುತ್ತಾಳೆ. ಗಡಿಯಾರದ ಕೆಳಗೆ ನಿಂತು, "ದೊಡ್ಡ ಮುಳ್ಳು ಹನ್ನೆರಡು, ಚಿಕ್ಕ ಮುಳ್ಳು ಎಂಟು. ಎಂಟು ಗಂಟೆ! ಅಮ್ಮಾ ಸ್ಕೂಲಿಗೆ ಟೈಮಾಯ್ತು!" ಎಂದು ಕೂಗುತ್ತಾಳೆ. ಹತ್ತರ ನೋಟು, ಇಪ್ಪತ್ತರ ನೋಟು, ಐವತ್ತರ ನೋಟು ಹಾಸಿಗೆಯ ಮೇಲೆ ಹರವಿ ಬಣ್ಣ ನೋಡಿ ಹೇಳುತ್ತಾಳೆ. ಇವೆಲ್ಲ ಈ ಐದಾರು ವರ್ಷದಲ್ಲಿ ಅಪ್ಪ ಮಗಳು ಸೇರಿ ಕಲಿತದ್ದು. ನಾನೂ ಕಲಿಸಿದ್ದೇನೆ, ಆದರೆ ಅವರಷ್ಟು ತಾಳ್ಮೆ ನನಗಿಲ್ಲ.

ಅವಳನ್ನು ನೋಡುತ್ತಾ ನನಗೆ ಒಂದು ವಿಚಿತ್ರ ಭಯ ಶುರುವಾಯಿತು. ಅವಳು ಚೆನ್ನಾಗಿ ಮಾಡಿದಷ್ಟೂ ಶೇಕಡಾ ಇಳಿಯುತ್ತದೆ. ನಲವತ್ತಕ್ಕಿಂತ ಕೆಳಗೆ ಇಳಿದರೆ ಕಾಗದವೇ ಕೆಲಸಕ್ಕೆ ಬಾರದು. ಹಾಗೆಂದು ಅವಳಿಗೆ ತಪ್ಪು ಹೇಳು ಎನ್ನಲಾದೀತೇ? ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ. ಒಂದು ಮಗು ಪರೀಕ್ಷೆಯಲ್ಲಿ ಸೋಲಲಿ ಎಂದು ಮನಸ್ಸಿನ ಮೂಲೆಯಲ್ಲೂ ಬಯಸಿದವಳಲ್ಲ. ಈಗ ನನ್ನ ಮಗಳ ವಿಷಯದಲ್ಲೇ ಆ ಯೋಚನೆ ಬಂತು. ಯಾರಿಗೂ ಹೇಳಲಿಲ್ಲ.

ಆಸ್ಪತ್ರೆಯವರು ಬರಹೇಳಿದ ದಿನ ಬೆಳಗ್ಗೆ ಆರರ ಬಸ್ಸಿಗೆ ಹೊರಟೆವು. ಮಗಳು ಹಳದಿ ಚೂಡಿದಾರ ಹಾಕಿಕೊಂಡಿದ್ದಳು, ಕೈಯಲ್ಲಿ ನನ್ನಿಂದ ಕಸಿದುಕೊಂಡ ಕೆಂಪು ಪೆನ್ನು. ಈ ಸಲ ಜನ ಕಡಿಮೆ ಇದ್ದರು. ಮನಃಶಾಸ್ತ್ರಜ್ಞೆ ಮೂವತ್ತರ ಆಸುಪಾಸಿನ ಹುಡುಗಿ, ಮೆಲ್ಲಗೆ ಮಾತಾಡುವವರು. ಮೊದಲು ಮಗಳೊಬ್ಬಳ ಜತೆಯೇ ಕೂತು ಬಣ್ಣದ ಮರದ ತುಂಡುಗಳನ್ನು ಜೋಡಿಸಲು ಹೇಳಿದರು, ಚಿತ್ರಗಳನ್ನು ತೋರಿಸಿದರು, ಕತೆ ಹೇಳಿ ಪ್ರಶ್ನೆ ಕೇಳಿದರು. ನಾವು ಹಿಂದೆ ಬೆಂಚಿನ ಮೇಲೆ ಕೂತಿದ್ದೆವು.

"ಇಪ್ಪತ್ತು ರೂಪಾಯಿ ಕೊಟ್ಟು ಹನ್ನೆರಡು ರೂಪಾಯಿ ಬಿಸ್ಕತ್ತು ತಗೊಂಡ್ರೆ, ಅಂಗಡಿಯವರು ಎಷ್ಟು ವಾಪಸ್ ಕೊಡಬೇಕು?"

ಮಗಳು ತುಂಬ ಹೊತ್ತು ಯೋಚಿಸಿದಳು. ಬೆರಳು ಮಡಿಚಿದಳು, ಬಿಚ್ಚಿದಳು. "ಅವ್ರೇ ಕೊಡ್ತಾರೆ" ಎಂದಳು.

ನನ್ನ ಬಾಯಿಂದ "ಪುಟ್ಟೀ, ಹನ್ನೆರಡಾದ ಮೇಲೆ..." ಎಂದು ಬಂದೇಬಿಟ್ಟಿತು.

"ಮೇಡಮ್, ದಯವಿಟ್ಟು ಹೇಳ್ಕೊಡಬೇಡಿ" ಎಂದರು ಆ ಹುಡುಗಿ ನಗುತ್ತಾ. ನಾನು ಬಾಯಿಗೆ ಸೆರಗು ಹಿಡಿದುಕೊಂಡೆ. ಮೊನ್ನೆ ಮೊನ್ನೆ ಅವಳು ಸೋಲಲಿ ಎಂದು ಹೆದರಿಕೆಯಲ್ಲಿ ಬಯಸಿದವಳು ನಾನೇ, ಈಗ ಉತ್ತರ ಹೇಳಿಕೊಡಲು ಹೋದವಳೂ ನಾನೇ.

ಆಮೇಲೆ ನಮ್ಮ ಸರದಿ. ಮತ್ತೆ ಅದೇ ಥರದ ಪಟ್ಟಿ. ಆದರೆ ಇವರು ಕೇಳುವ ರೀತಿ ಬೇರೆ. ಏನು ಮಾಡ್ತಾಳೆ, ಎಷ್ಟು ಸಹಾಯ ಬೇಕು, ನೆನಪು ಮಾಡಬೇಕಾ, ಪಕ್ಕದಲ್ಲಿ ಯಾರಾದರೂ ಇರಬೇಕಾ, ಹೀಗೆ. ಗುಂಡಿ ತಾನೇ ಹಾಕುತ್ತಾಳೆ. ಅನ್ನಕ್ಕೆ ನೀರಿಡುತ್ತಾಳೆ, ಒಲೆ ಹಚ್ಚಲು ನಾವಿರಬೇಕು. ಊರೊಳಗಿನ ಅಂಗಡಿಗೆ ಒಬ್ಬಳೇ ಹೋಗುತ್ತಾಳೆ, ಆದರೆ ಚಿಲ್ಲರೆಗೆ ಕಾಯದೆ ಬಂದುಬಿಡುತ್ತಾಳೆ. ಅಪರಿಚಿತರು ಕರೆದರೆ ಹಿಂದೆಯೇ ಹೋಗುತ್ತಾಳೆ. ಹೆಚ್ಚೂ ಹೇಳಲಿಲ್ಲ, ಕಡಿಮೆಯೂ ಹೇಳಲಿಲ್ಲ.

"ಮನೇಲಿ ಏನಾದ್ರೂ ಕೆಲಸ ಮಾಡ್ತಾಳಾ?" ಎಂದು ಕೇಳಿದರು.

ಯಜಮಾನರು ಅದಕ್ಕೇ ಕಾಯುತ್ತಿದ್ದವರಂತೆ ಮುಂದೆ ಬಾಗಿದರು. "ಕಾಯಿ ನೋಡ್ತಾಳೆ ಮೇಡಮ್ಮಾರೇ."

"ಕಾಯಿ ನೋಡೋದು ಅಂದ್ರೆ?"

"ನಮ್ ಕಡೆ ಕಾಯಿ ಕಿತ್ತು ಅಟ್ಟಕ್ಕೆ ಹಾಕಿ ಒಂದೊರ್ಷ ಒಣಗುಸ್ತೀವಿ. ಒಳ್ಗಡೆ ನೀರು ಇಂಗಿ ಕೊಬ್ರಿ ಚಿಪ್ಪು ಬಿಟ್ಕೊಂಡ್ರೆ ಅಲ್ಲಾಡ್ಸಿದಾಗ ಸದ್ದು ಬತ್ತದೆ. ಆಗ ಸುಲೀಬೋದು. ಹಸಿ ಇರೋದನ್ನ ಸುಲುದ್ರೆ ಕೊಬ್ರಿ ಕೆಡ್ತು ಅಂತ್ಲೇ. ಇವ್ಳು ಕಿವಿ ಹತ್ರ ಹಿಡುದು ಒಂದ್ಸಲ ಅಲ್ಲಾಡ್ಸಿ ಹೇಳ್ತಾಳೆ. ನಾನೇ ತಪ್ತೀನಿ, ಇವ್ಳು ತಪ್ಪಲ್ಲ."

ಮಗಳು ಅಪ್ಪನ ಮಾತು ಮುಗಿಯುವವರೆಗೂ ಕಾಯಲಿಲ್ಲ. ಮೇಜಿನ ಮೇಲಿದ್ದ ಮರದ ತುಂಡುಗಳ ಡಬ್ಬಿಯನ್ನು ಎರಡು ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು. ಒಳಗೆ ತುಂಡುಗಳು ಲೊಟಲೊಟ ಎಂದವು.

"ಒಣಗೈತೆ, ಸುಲೀಬೋದು" ಎಂದು ತೀರ್ಪು ಕೊಟ್ಟಳು.

ಆ ಹುಡುಗಿ ಪೆನ್ನು ಕೆಳಗಿಟ್ಟು ನಕ್ಕ ನಗುವಿಗೆ ಹೊರಗೆ ಕಾಯುತ್ತಿದ್ದವರು ಬಾಗಿಲಿನಿಂದ ಇಣುಕಿದರು.

ಎಲ್ಲ ಮುಗಿದ ಮೇಲೆ ಮಗಳು ಕುರ್ಚಿಯಿಂದ ಏಳಲಿಲ್ಲ. ಕೆಂಪು ಪೆನ್ನನ್ನು ಅವರ ಕಡೆ ಚಾಚಿದಳು. "ಪಾಸಾ?"

ಅವರು ಪೆನ್ನು ತೆಗೆದುಕೊಂಡು ಹೇಳಿದರು:

"ಇದರಲ್ಲಿ ಪಾಸು ಫೇಲು ಇರಲ್ಲ ಪುಟ್ಟಾ. ನಿನಗೆ ಏನೇನು ಬರುತ್ತೆ, ಯಾವುದಕ್ಕೆ ಅಪ್ಪ ಅಮ್ಮ ಜತೆಗಿರಬೇಕು ಅಂತ ನೋಡಿದೆ. ನಿನಗೆ ತುಂಬಾನೇ ಬರುತ್ತೆ. ಚಿಲ್ಲರೆ ಮಾತ್ರ ಇನ್ನೂ ಕಲೀಬೇಕು." ಒಂದು ಖಾಲಿ ಹಾಳೆ ಎಳೆದುಕೊಂಡು, ಅದರ ಮೇಲೆ ದೊಡ್ಡದಾಗಿ ಒಂದು ರೈಟ್ ಗುರುತು ಹಾಕಿ ಕೊಟ್ಟರು.

ಮರುವಾರ ಇನ್ನೊಂದು ಸಲ ಹೋಗಬೇಕಾಯಿತು. ಮನೋವೈದ್ಯರು ನೋಡಿದರು, ವರದಿ ಮಂಡಳಿಯ ಮುಂದೆ ಹೋಯಿತು. ಕೆಲವು ದಿನಗಳಾದ ಮೇಲೆ ಮೊಬೈಲಿಗೆ ಮೆಸೇಜು ಬಂತು, ಸರ್ಟಿಫಿಕೇಟು ಆನ್‌ಲೈನಿನಲ್ಲೇ ಸಿಕ್ಕಿತು. ಶೇಕಡಾ ಐವತ್ತು. ಶಾಶ್ವತ. ಇನ್ನು ಮರುಪರೀಕ್ಷೆ ಇಲ್ಲ.

ಎಪ್ಪತ್ತೈದು ಐವತ್ತಾಗಿತ್ತು. ನನ್ನ ಮನಸ್ಸು ಮೊದಲು ಹಾರಿದ್ದು ಲೆಕ್ಕದ ಕಡೆಗೆ, ತಿಪಟೂರಿಗೆ ಫೋನು ಮಾಡಿದೆ. ಹಿರಿಯರು ಸಾವಧಾನವಾಗಿ ಹೇಳಿದರು: "ನಲವತ್ತರಿಂದ ಎಂಬತ್ತರ ಒಳಗೆ ಎಷ್ಟಿದ್ರೂ ಕಡಿತ ಒಂದೇ ಕಣಮ್ಮ. ಎಂಬತ್ತು, ಅದಕ್ಕೂ ಮೇಲಾದ್ರೆ ಮಾತ್ರ ಜಾಸ್ತಿ. ನಿಮಗೇನೂ ವ್ಯತ್ಯಾಸ ಇಲ್ಲ. ಆ ನಂಬರು ಕೊಡಿ, ರಿಟರ್ನಲ್ಲಿ ಹಾಕ್ತೀನಿ. ಹಳೇ ತೆರಿಗೆ ಪದ್ಧತೀಲೇ ಹಾಕಬೇಕು ಮತ್ತೆ, ಹೊಸ ಪದ್ಧತೀಲಿ ಈ ಕಡಿತ ಸಿಗಲ್ಲ."

ಫೋನು ಇಟ್ಟ ಮೇಲೆ ಜಗಲಿಯಲ್ಲಿ ಒಬ್ಬಳೇ ಕೂತೆ. ನನ್ನ ಜೀವನದಲ್ಲಿ ಎಷ್ಟೋ ಅಂಕಪಟ್ಟಿಗಳನ್ನು ನೋಡಿದ್ದೇನೆ. ಅಂಕ ಇಳಿದದ್ದಕ್ಕೆ ಇಷ್ಟು ಖುಷಿಪಟ್ಟದ್ದು ಅದೊಂದೇ. ಆ ಇಪ್ಪತ್ತೈದರಲ್ಲಿ ಅಂಗಿಯ ಗುಂಡಿ ಇತ್ತು, ಗೋಡೆಯ ಗಡಿಯಾರ ಇತ್ತು, ಅಂಗಡಿಗೆ ಒಬ್ಬಳೇ ಹೋಗಿ ಬರುವ ದಾರಿ ಇತ್ತು. ಪರೀಕ್ಷೆಗಳ ವಿಧಾನ ಬೇರೆ ಇರಬಹುದು, ಮೊದಲಿನವರು ಅವಸರದಲ್ಲಿ ನೋಡಿರಬಹುದು, ನಾನೂ ಅವತ್ತು ಎಲ್ಲದಕ್ಕೂ ಇಲ್ಲ ಎಂದಿರಬಹುದು. ಆದರೂ ಅದನ್ನು ಅವಳ ಗಳಿಕೆ ಎಂದೇ ಎಣಿಸಿಕೊಂಡೆ. ಯಜಮಾನರು ತೋಟದಿಂದ ಬಂದಾಗ ಮೊಬೈಲು ತೋರಿಸಿದೆ. ಅವರು ಆ ಐವತ್ತನ್ನು ಹೆಬ್ಬೆರಳಿನಿಂದ ದೊಡ್ಡದು ಮಾಡಿ ನೋಡಿ, "ನೋಡ್ದಾ?" ಎಂದರು. ಹೆಮ್ಮೆಪಡಲು ಅವರಿಗೆ ಅದಕ್ಕಿಂತ ಹೆಚ್ಚು ಮಾತು ಬೇಕಿರಲಿಲ್ಲ.

ರಿಟರ್ನು ಸಕಾಲಕ್ಕೆ ಹೋಯಿತು. ಹಳೆಯ ವರ್ಷದ ನೋಟಿಸಿಗೆ ಉತ್ತರ ಬಂದದ್ದು ತಿಂಗಳುಗಳಾದ ಮೇಲೆ. ಸಲ್ಲಿಸಿದ ದಾಖಲೆ ಪರಿಶೀಲಿಸಲಾಗಿದೆ, ಕಡಿತವನ್ನು ಒಪ್ಪಲಾಗಿದೆ, ಘೋಷಿಸಿದ ಆದಾಯವನ್ನೇ ಅಂಗೀಕರಿಸಲಾಗಿದೆ ಎಂಬ ಅರ್ಥದ ಒಂದು ಆದೇಶ. ಎಲ್ಲಿಯೋ ಕೂತು ನನ್ನ ಕಾಗದ ಓದಿದ, ನಾನು ಎಂದೂ ನೋಡದ ಆ ಅಧಿಕಾರಿಯ ಮೇಲೆ ನನಗೆ ಈಗ ಕೋಪವಿಲ್ಲ. ಅವರು ಕೇಳದೇ ಇದ್ದಿದ್ದರೆ ನಾನು ಆ ಬಸ್ಸು ಹತ್ತುತ್ತಿರಲಿಲ್ಲ.

ಮಗಳ ಕಾರ್ಡು ಪೋಸ್ಟಿನಲ್ಲಿ ಬಂತು. ಪೋಸ್ಟ್‌ಮ್ಯಾನ್ ಅವಳ ಹೆಸರು ಕೂಗಿ ಅವಳ ಕೈಗೇ ಕೊಟ್ಟನಂತೆ. ನಾನು ಶಾಲೆಯಿಂದ ಬರುವಷ್ಟರಲ್ಲಿ ಅದು ಅವಳ ಪುಟ್ಟ ಪರ್ಸಿನೊಳಗೆ ಸೇರಿತ್ತು. ಬೀರುವಿನಲ್ಲಿಡಲು ಕೇಳಿದೆ, ಕೊಡಲಿಲ್ಲ. ತಿಪಟೂರಿನ ಹಿರಿಯರು ಫೈಲಿಗೆ ಒಂದು ಜೆರಾಕ್ಸ್ ಬೇಕೆಂದಾಗಲೂ ಕೊಡಲಿಲ್ಲ. "ನಾನೇ ಬತ್ತೀನಿ" ಎಂದಳು. ಕರೆದುಕೊಂಡು ಹೋದೆ.

ಮಹಡಿಯ ಆಫೀಸಿನಲ್ಲಿ ಅವಳು ಪರ್ಸಿನ ಜಿಪ್ಪು ಎಳೆದು, ಕಾರ್ಡನ್ನು ಎರಡು ಕೈಯಲ್ಲಿ ಅವರ ಮುಂದೆ ಹಿಡಿದಳು.

"ಇದು ಯಾರದಮ್ಮ?" ಎಂದು ಕೇಳಿದರು ಅವರು.

"ನಂದು. ನೋಡಿ, ಫೋಟೋ. ನೋಡ್ಬುಟ್ಟು ವಾಪಸ್ ಕೊಡಿ."

ಅವರು ಎದ್ದು ನಿಂತು ಅದನ್ನು ತೆಗೆದುಕೊಂಡರು. ಯಂತ್ರದ ಮೇಲಿಟ್ಟು, ಹಿಂದೆ ಮುಂದೆ ಪ್ರತಿ ತೆಗೆದು, ಕಾರ್ಡನ್ನು ಕರವಸ್ತ್ರದಲ್ಲಿ ಒರೆಸಿ ಅವಳ ಕೈಗಿಟ್ಟರು. ಅವಳು ಸರಿಯಾದ ಕಾರ್ಡೇ ಕೊಟ್ಟಿದ್ದಾರೋ ಇಲ್ಲವೋ ಎಂದು ಫೋಟೋವನ್ನು ಒಮ್ಮೆ, ಅವರ ಮುಖವನ್ನು ಒಮ್ಮೆ ನೋಡಿ, ಪರ್ಸಿಗೆ ಹಾಕಿಕೊಂಡು, ನನಗಿಂತ ಮುಂದಾಗಿ ಮೆಟ್ಟಿಲಿಳಿದಳು.